ಮೂರು ಅಂದರೆ ಎಷ್ಟು?

ಅಕ್ಟೋಬರ್ ಮೊದಲ ವಾರ ಬೆಂಗಳೂರಿನ ಯಾವುದಾದರೂ ಕಸ್ಟಮರ್ ಸಪೋರ್ಟ್ ಆಫೀಸಿಗೆ ಹೋಗಿ ನೋಡಿ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕ್ವಾರ್ಟರ್ ಆಗಷ್ಟೇ ಮುಗಿದಿರುತ್ತದೆ. ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಗಾಜಿನ ಗೋಡೆಯ ಚಿಕ್ಕ ರೂಮಿನೊಳಗೆ ಹೋಗಿ, ಇಪ್ಪತ್ತು ನಿಮಿಷಕ್ಕೆ ಹೊರಗೆ ಬರುತ್ತಾರೆ. ಹೊರಗಿದ್ದವರು ಹೆಡ್‌ಸೆಟ್ ತೆಗೆಯದೆ, ಬಾಯಿ ಬಿಡದೆ, ಬೆರಳಿನಲ್ಲೇ ಕೇಳುತ್ತಾರೆ: ಮೂರಾ, ನಾಲ್ಕಾ? ಮೂರು ಎಂದು ಗೊತ್ತಾದರೆ ಎದುರಿನವರ ಮುಖ ಸಪ್ಪಗಾಗುತ್ತದೆ.

ಆ ಮೂರು ಎಲ್ಲಿಂದ ಬಂತು ಎಂದು ಕೊಟ್ಟವರನ್ನು ಕೇಳಿದರೆ ಅನೇಕ ಸಲ ಸ್ಪಷ್ಟ ಉತ್ತರ ಸಿಗುವುದಿಲ್ಲ. ‘ಒಟ್ಟಾರೆ ನೋಡಿ ಕೊಟ್ಟೆ’ ಎನ್ನುತ್ತಾರೆ. ಈ ಜಗಳವನ್ನು ಅಕ್ಟೋಬರ್‌ನಲ್ಲಿ ಬಗೆಹರಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಅದರ ತೀರ್ಮಾನ ಜುಲೈ ಮೊದಲ ವಾರದಲ್ಲೇ, ಗುರಿ ಬರೆದ ದಿನವೇ, ಆಗಿಹೋಗಿರುತ್ತದೆ. ಅದು ಹೇಗೆ ಎಂದು ನೋಡಲು ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ನಾನು ಲೆಕ್ಕಕ್ಕೆಂದು ಹಾಕಿಕೊಂಡವು. ಕಷ್ಟಗಳು ಮಾತ್ರ ಇಂಥ ತಂಡ ನಡೆಸಿದ ಯಾರಿಗೂ ಹೊಸವಲ್ಲ.

ಅಂಗಡಿಯವರಿಗೆ ಜಿಎಸ್‌ಟಿ ಬಿಲ್ ಮಾಡಿಕೊಡುವ ಒಂದು ಸಾಫ್ಟ್‌ವೇರ್ ಇದೆ. ಅದರ ಸಪೋರ್ಟ್‌ಗೆ ಎಂಟು ಜನ ಮತ್ತು ಒಬ್ಬ ಟೀಮ್ ಲೀಡ್. ಫೋನ್, ಇಮೇಲ್, ವಾಟ್ಸ್ಯಾಪ್ ಹೀಗೆ ಯಾವ ದಾರಿಯಲ್ಲಿ ದೂರು ಬಂದರೂ ಅದೊಂದು ಟಿಕೆಟ್ ಆಗುತ್ತದೆ. ಕ್ವಾರ್ಟರ್‌ಗೆ ಸುಮಾರು 4,800 ಟಿಕೆಟ್, ಅಂದರೆ ತಲೆಗೆ 600. ಹೊಸ ಮ್ಯಾನೇಜರ್ ಬಂದವರು ಮೊದಲ ಗುರಿ ಬರೆದರು: ‘ಪ್ರತಿಯೊಬ್ಬರೂ 650 ಟಿಕೆಟ್ ಮುಚ್ಚಬೇಕು.’ ಅಳೆಯಲು ಬರುತ್ತದೆ, ಅವಧಿ ಇದೆ, ಸಂಖ್ಯೆಯೂ ಇದೆ. ಮ್ಯಾನೇಜ್‌ಮೆಂಟ್ ಪಾಠದಲ್ಲಿ ಹೇಳಿಕೊಡುವ ಗುರಿಯ ಲಕ್ಷಣಗಳೆಲ್ಲ ಅದರಲ್ಲಿವೆ.

ಮೂರು ತಿಂಗಳಲ್ಲಿ ಒಬ್ಬ ಹುಡುಗ 820 ಮುಚ್ಚಿದ. ಒಬ್ಬ ಹುಡುಗಿ 390ಕ್ಕೇ ನಿಂತಳು. ಆತನಿಗೆ ಐದು ಬಂತು, ಆಕೆಗೆ ಎರಡು. ಆಮೇಲೆ ಯಾರೋ ಟಿಕೆಟ್‌ಗಳನ್ನು ತೆರೆದು ಓದಿದರು. ಆತ ಬೆಳಗ್ಗೆ ಒಂಬತ್ತಕ್ಕೆ ಬಂದು, ಪಟ್ಟಿಯಲ್ಲಿದ್ದ ‘ಪಾಸ್‌ವರ್ಡ್ ಮರೆತೆ’, ‘ಪ್ರಿಂಟ್ ಬರುತ್ತಿಲ್ಲ’ ಎಂಬಂಥವನ್ನೆಲ್ಲ ತನ್ನ ಹೆಸರಿಗೆ ಎಳೆದುಕೊಳ್ಳುತ್ತಿದ್ದ. ಉತ್ತರ ಕಳಿಸಿದ ಕ್ಷಣವೇ ಟಿಕೆಟ್ ಮುಚ್ಚುತ್ತಿದ್ದ. ಸಮಸ್ಯೆ ಹೋಗದ ಅಂಗಡಿಯವರು ಮತ್ತೆ ಬರೆದಾಗ ಅದು ಹೊಸ ಟಿಕೆಟ್ ಆಗುತ್ತಿತ್ತು, ಅದನ್ನೂ ಆತನೇ ಮುಚ್ಚುತ್ತಿದ್ದ. ಹೀಗೆ ಒಂದೇ ದೂರಿಗೆ ಎರಡು ಲೆಕ್ಕ. ಆಕೆಯ ಪಾಲಿಗೆ ಉಳಿದವು ‘ಮಾರ್ಚ್ ತಿಂಗಳ ತೆರಿಗೆ ಲೆಕ್ಕ ಹೊಂದುತ್ತಿಲ್ಲ’ ಎಂಬಂಥವು. ಒಂದೊಂದಕ್ಕೂ ತುಂಬ ಹೊತ್ತು ಬೇಕು.

ಆ ಹುಡುಗನನ್ನು ಕಳ್ಳ ಎನ್ನಲು ನನಗೆ ಮನಸ್ಸಿಲ್ಲ. ಕೇಳಿದ್ದನ್ನೇ ಆತ ಕೊಟ್ಟ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುವಾಗ ಇದನ್ನೇ ಗುರುತಿಸಿದ್ದರು. ಒಂದು ಅಂಕಿಯನ್ನು ಹಿಡಿದು ನಿಯಂತ್ರಿಸಲು ಹೊರಟರೆ ಅದು ಮೊದಲಿನಂತೆ ನಡೆದುಕೊಳ್ಳುವುದಿಲ್ಲ ಎಂಬುದು ಅವರ ಮಾತಿನ ಸಾರ. ಮುಚ್ಚಿದ ಟಿಕೆಟ್‌ಗಳ ಎಣಿಕೆ ಗುರಿಯಾಗುವ ಮೊದಲು ಕೆಲಸದ ಅಳತೆಯಾಗಿತ್ತು. ಗುರಿಯಾದ ಮೇಲೆ ಅದು ಜಾಣತನದ ಅಳತೆಯಾಯಿತು.

ಹೀಗಾಗುತ್ತಿದೆ ಎಂದು ಕ್ವಾರ್ಟರ್ ಮುಗಿಯುವ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಮುಚ್ಚಿದ ಟಿಕೆಟ್ ಹೆಚ್ಚುತ್ತಿದ್ದರೂ ಅದೇ ಅಂಗಡಿಗಳು ವಾರದೊಳಗೆ ಮರಳಿ ಬರುವುದು ಹೆಚ್ಚಿದರೆ ಅದೊಂದು ಸುಳಿವು. ಶುಕ್ರವಾರ ಸಂಜೆ ಐದರಿಂದ ಆರರ ನಡುವೆ ಟಿಕೆಟ್‌ಗಳು ರಾಶಿರಾಶಿಯಾಗಿ ಮುಚ್ಚುವುದು ಇನ್ನೊಂದು. ಕಷ್ಟದ ಟಿಕೆಟ್ ಒಬ್ಬರಿಂದ ಒಬ್ಬರಿಗೆ ದಾಟುತ್ತ ನಾಲ್ಕು ಕೈ ಬದಲಾಯಿಸುವುದು ಮೂರನೆಯದು.

ಸರಿ, ಎಣಿಕೆ ಬಿಟ್ಟು ಏನನ್ನು ಅಳೆಯಬೇಕು? ಅಂಗಡಿಯವರಿಗೆ ಬೇಕಾದದ್ದು ಇಷ್ಟೇ: ಒಂದು ಸಲ ಹೇಳಿದರೆ ಸಾಕು, ಮತ್ತೆ ಹೇಳುವಂತಾಗಬಾರದು. ಹಾಗಾಗಿ ಎಷ್ಟು ದೂರುಗಳು ಮರಳಿ ಬಂದವು ಎಂದು ಅಳೆಯುವುದು ನ್ಯಾಯ. ಆದರೆ ಅದನ್ನು ಬರೆಯುವಾಗ ತಕ್ಕಡಿಯ ಎರಡೂ ತಟ್ಟೆ ತೋರಿಸಬೇಕು. ಮುಚ್ಚಿದ ಒಟ್ಟು ಟಿಕೆಟ್‌ಗಳಲ್ಲಿ, ಏಳು ದಿನದೊಳಗೆ, ಅದೇ ಗ್ರಾಹಕರು, ಅದೇ ವಿಷಯಕ್ಕೆ ಮರಳಿ ಬಂದದ್ದು ನೂರಕ್ಕೆ ಎಷ್ಟು? ‘ಏಳು ದಿನ’, ‘ಅದೇ ವಿಷಯ’ ಎಂಬ ಮಾತುಗಳನ್ನು ಬಿಟ್ಟರೆ ಅಕ್ಟೋಬರ್‌ನಲ್ಲಿ ಎಂಟು ಜನ ಎಂಟು ರೀತಿ ಲೆಕ್ಕ ಹಾಕುತ್ತಾರೆ. ಧನ್ಯವಾದ ಹೇಳಲು ಬರೆದ ಸಂದೇಶ ಮರಳಿ ಬಂದದ್ದರ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂಬುದನ್ನೂ ಬರೆದಿಡಬೇಕು. ನಗಬೇಡಿ, ಈ ಒಂದು ಪ್ರಶ್ನೆಗೆ ಅರ್ಧ ಗಂಟೆಯ ಮೀಟಿಂಗ್ ನಡೆದದ್ದುಂಟು.

ಗುರಿ ಎಷ್ಟಿರಬೇಕು ಎಂಬುದು ಮುಂದಿನ ಪ್ರಶ್ನೆ. ನಮ್ಮ ತಂಡದಲ್ಲಿ ಏಪ್ರಿಲ್–ಜೂನ್‌ನಲ್ಲಿ ನೂರಕ್ಕೆ 18 ಮರಳಿ ಬಂದಿದ್ದವು. ಮ್ಯಾನೇಜರ್ ‘ಹತ್ತಕ್ಕೆ ಇಳಿಸಿ’ ಎಂದರು. ಹತ್ತು ಕೇಳಲು ಚೆನ್ನಾಗಿದೆ, ಅಷ್ಟೇ. ಲೀಡ್ ಒಂದು ಕೆಲಸ ಮಾಡಿದಳು. ಮರಳಿ ಬಂದವುಗಳಲ್ಲಿ ಕಣ್ಣುಮುಚ್ಚಿ ನೂರನ್ನು ಆರಿಸಿ, ಪ್ರತಿಯೊಂದನ್ನೂ ಓದಿ, ಯಾಕೆ ಬಂತು ಎಂದು ಮೂರು ಗುಂಪಿಗೆ ಹಾಕಿದಳು. ಒಂದಕ್ಕೆ ನಾಲ್ಕು ನಿಮಿಷದಂತೆ ಹಿಡಿದರೆ ಒಂದು ದಿನದ ಕೆಲಸ. ಸಿಕ್ಕಿದ್ದು ಇಷ್ಟು: 38 ಬಂದದ್ದು ಸಾಫ್ಟ್‌ವೇರ್‌ನಲ್ಲೇ ದೋಷವಿದ್ದುದರಿಂದ. 34 ಬಂದದ್ದು ಉತ್ತರ ಅರ್ಧಂಬರ್ಧ ಇದ್ದುದರಿಂದ. ಉಳಿದ 28 ಅದೇ ವಿಷಯದಂತೆ ಕಂಡರೂ ನಿಜಕ್ಕೂ ಹೊಸ ಪ್ರಶ್ನೆಗಳು.

ಈಗ 18ನ್ನು ಇದೇ ಪ್ರಮಾಣದಲ್ಲಿ ಹಂಚಿ ನೋಡಿ. ಸುಮಾರು 7 ಸಾಫ್ಟ್‌ವೇರ್ ದೋಷದ್ದು, 6 ಅರ್ಧ ಉತ್ತರದ್ದು, 5 ಹೊಸ ಪ್ರಶ್ನೆಯದು. ಸಪೋರ್ಟ್‌ನವರ ಕೈಯಲ್ಲಿರುವುದು ಮಧ್ಯದ ಆರು ಮಾತ್ರ. ಪ್ರತಿಯೊಬ್ಬರೂ ಪ್ರತಿ ಉತ್ತರವನ್ನೂ ತಪ್ಪಿಲ್ಲದೆ ಕೊಟ್ಟರೂ ಸಂಖ್ಯೆ 12ರ ಕೆಳಗೆ ಇಳಿಯುವುದಿಲ್ಲ. ಹತ್ತು ಬೇಕೇಬೇಕು ಎಂದರೆ ಜನ ದಾರಿ ಹುಡುಕುತ್ತಾರೆ. ಮರಳಿ ಬಂದ ದೂರನ್ನು ಬೇರೆ ಶೀರ್ಷಿಕೆಯ ಕೆಳಗೆ ಹಾಕಿದರೆ ಸಾಕು, ಅದು ‘ಅದೇ ವಿಷಯ’ ಆಗುವುದಿಲ್ಲ. ಲೀಡ್ ಆರನ್ನು ಮೂರಕ್ಕೆ ಇಳಿಸುತ್ತೇವೆ ಎಂದು ಒಪ್ಪಿ, ಗುರಿಯನ್ನು 15 ಎಂದು ಬರೆದಳು. ಜೊತೆಗೆ 38ರ ಪಟ್ಟಿಯನ್ನು ಸಾಫ್ಟ್‌ವೇರ್ ತಂಡಕ್ಕೆ ಕಳಿಸಿದಳು. ಆ ಏಳು ಅವರ ಗುರಿಯಾಗಬೇಕಾದದ್ದು.

ಈ 15 ಇಡೀ ತಂಡದ ಗುರಿ, ಒಬ್ಬೊಬ್ಬರದಲ್ಲ. ಸೋಮವಾರ ಒಬ್ಬ ಉತ್ತರಿಸಿದ ದೂರು ಗುರುವಾರ ಇನ್ನೊಬ್ಬಳ ಕೈಗೆ ಬರುತ್ತದೆ, ತಪ್ಪು ಯಾರದ್ದು ಎಂದು ಹಂಚಲು ಕೂತರೆ ಪಂಚಾಯಿತಿ ಮುಗಿಯುವುದಿಲ್ಲ. ತಂಡಕ್ಕೆ ಫಲದ ಗುರಿ, ವ್ಯಕ್ತಿಗೆ ಕೆಲಸದ ಗುಣಮಟ್ಟದ ಗುರಿ. ಈ ಹಂಚಿಕೆಯನ್ನು ನಾನು ಮತ್ತೆ ಮತ್ತೆ ಒಪ್ಪಿದ್ದೇನೆ.

ವ್ಯಕ್ತಿಯ ಗುಣಮಟ್ಟ ತಿಳಿಯಲು ಅನೇಕ ಕಡೆ ಗ್ರಾಹಕರ ಸಂತೃಪ್ತಿಯ ಅಂಕವನ್ನೇ ಹಿಡಿಯುತ್ತಾರೆ. ಟಿಕೆಟ್ ಮುಚ್ಚಿದ ಮೇಲೆ ‘ನಿಮಗೆ ಸಮಾಧಾನವಾಯಿತೇ?’ ಎಂದು ಕೇಳುತ್ತಾರಲ್ಲ, ಅದು. ಆಫೀಸಿನ ಬಾಯಲ್ಲಿ ಸಿಸ್ಯಾಟ್. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಹೆಚ್ಚಿನ ಅನ್ಯಾಯ ಆಗುವುದು ಇಲ್ಲೇ.

ಒಬ್ಬ ಹುಡುಗ 620 ಟಿಕೆಟ್ ಮುಗಿಸಿದ ಎನ್ನಿ. ಪ್ರಶ್ನೆ 620 ಜನರಿಗೂ ಹೋಯಿತು. ಉತ್ತರಿಸಿದವರು 41. ಅದರಲ್ಲಿ 35 ಜನ ಸಮಾಧಾನ ಎಂದರು. 41ಕ್ಕೆ 35 ಅಂದರೆ ನೂರಕ್ಕೆ 85. ಫಾರ್ಮಿನಲ್ಲಿ 80ರಿಂದ 89ರವರೆಗೆ ಮೂರು, 90ರ ಮೇಲೆ ನಾಲ್ಕು ಎಂದಿದೆ. ಹಾಗಾಗಿ ಆತನಿಗೆ ಮೂರು. ಈಗ ಆ ಆರು ಅಸಮಾಧಾನಿಗಳಲ್ಲಿ ಇಬ್ಬರು ಮಾತ್ರ ಆ ದಿನ ಬೇರೆ ಮನಸ್ಥಿತಿಯಲ್ಲಿದ್ದರು ಎಂದುಕೊಳ್ಳಿ. 41ಕ್ಕೆ 37 ಆಗುತ್ತದೆ, ಅಂದರೆ 90. ರೇಟಿಂಗ್ ನಾಲ್ಕು! 620 ಅಂಗಡಿಗಳ ಜೊತೆ ಮೂರು ತಿಂಗಳು ಮಾಡಿದ ಕೆಲಸದ ಬೆಲೆಯನ್ನು ಇಬ್ಬರ ಒಂದು ಗಳಿಗೆಯ ಮುನಿಸು ತೀರ್ಮಾನಿಸಿತು. ಸಂಖ್ಯಾಶಾಸ್ತ್ರದವರನ್ನು ಕೇಳಿದರೆ, 41 ಉತ್ತರಗಳಿಂದ ಬಂದ 85 ಎಂಬ ಅಂಕಿಯನ್ನು ಹತ್ತು ಅಂಕ ಅತ್ತ, ಹತ್ತು ಅಂಕ ಇತ್ತ ಬಿಟ್ಟೇ ಓದಬೇಕು ಎನ್ನುತ್ತಾರೆ. ಅದೂ ಉತ್ತರಿಸಿದ 41 ಜನ ಉಳಿದವರಂಥವರೇ ಆಗಿದ್ದರೆ. ತುಂಬ ಸಿಟ್ಟಾದವರು, ತುಂಬ ಖುಷಿಯಾದವರು ಮಾತ್ರ ಒತ್ತುತ್ತಾರೆ, ಮಧ್ಯದವರು ಅಂಗಡಿ ನೋಡಿಕೊಳ್ಳುತ್ತಾರೆ. ಇನ್ನು ಆ ಆರು ಜನ ಬರೆದದ್ದನ್ನು ಓದಿದರೆ, ನಾಲ್ವರ ಸಿಟ್ಟು ಹಣ ವಾಪಸ್ ಕೊಡದ ಕಂಪನಿಯ ನಿಯಮದ ಮೇಲೆ, ಹುಡುಗನ ಮೇಲಲ್ಲ.

ಎಂಟೂ ಜನರ ಉತ್ತರ ಕೂಡಿಸಿದರೆ ಮುನ್ನೂರರ ಆಸುಪಾಸು ಸಿಗುತ್ತವೆ, ಆಗ ಸಿಸ್ಯಾಟ್ ತಂಡದ ಬಗ್ಗೆ ಒಂದಿಷ್ಟು ಹೇಳೀತು. ಒಬ್ಬರ ರೇಟಿಂಗ್‌ಗೆ ಅದನ್ನು ಹಿಡಿಯಬಾರದು. ವ್ಯಕ್ತಿಯ ಮಟ್ಟದಲ್ಲಿ ಕೆಟ್ಟ ಅಂಕ ಬಂದ ಟಿಕೆಟ್‌ಗಳನ್ನು ಓದಬೇಕೇ ಹೊರತು ಎಣಿಸಬಾರದು.

ಲೀಡ್ ಆರಿಸಿಕೊಂಡ ದಾರಿ ಹಳೆಯದು, ಬೆವರಿನದು: ಟಿಕೆಟ್‌ಗಳನ್ನು ಓದಿ ಅಂಕ ಹಾಕುವುದು. ಪ್ರತಿಯೊಬ್ಬರದೂ ವಾರಕ್ಕೆ ನಾಲ್ಕು. ಹದಿಮೂರು ವಾರಕ್ಕೆ 52. ಯಾವ ನಾಲ್ಕು ಎಂಬುದನ್ನು ಲೀಡ್ ಆರಿಸುವುದಿಲ್ಲ. ಆ ವಾರ ಚೀಟಿ ಎತ್ತಿ ಬಂದ ಅಂಕೆಯಲ್ಲಿ ಕೊನೆಯಾಗುವ ಟಿಕೆಟ್‌ಗಳಲ್ಲಿ ಮೊದಲ ನಾಲ್ಕು. ಇಲ್ಲದಿದ್ದರೆ ಮೆಚ್ಚಿನವರಿಗೆ ಒಳ್ಳೆಯದು, ಆಗದವರಿಗೆ ಕೆಟ್ಟದ್ದು ತಾನಾಗಿ ಕಣ್ಣಿಗೆ ಬೀಳುತ್ತದೆ. ಎಂಟು ಜನಕ್ಕೆ ವಾರಕ್ಕೆ 32 ಟಿಕೆಟ್, ಒಂದಕ್ಕೆ ಹತ್ತು ನಿಮಿಷ, ಅಂದರೆ ಐದು ಗಂಟೆಗಿಂತ ಸ್ವಲ್ಪ ಹೆಚ್ಚು. ಆ ಐದು ಗಂಟೆಯನ್ನು ಲೀಡ್‌ನ ಕೆಲಸದಲ್ಲಿ ಬಿಡಿಸಿಕೊಡದ ಮ್ಯಾನೇಜರ್, ಗುಣಮಟ್ಟದ ಮಾತಾಡದಿರುವುದು ಮೇಲು.

ಪ್ರತಿ ಟಿಕೆಟ್‌ಗೂ ಐದು ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಗ್ರಾಹಕರು ಕೇಳಿದ್ದೇನೆಂದು ಸರಿಯಾಗಿ ಹಿಡಿದರೇ? ಕೊಟ್ಟ ಉತ್ತರ ಸರಿಯೇ? ಕೇಳಿದ್ದಕ್ಕೆಲ್ಲ ಉತ್ತರ ಬಂತೇ? ಮುಂದೆ ಏನಾಗುತ್ತದೆ, ಯಾವಾಗ ಆಗುತ್ತದೆ ಎಂದು ಹೇಳಿದರೇ? ಮುಂದಿನವರು ಓದಿದರೆ ತಿಳಿಯುವಂತೆ ಟಿಪ್ಪಣಿ ಬರೆದರೇ? ‘ಮಾತಿನಲ್ಲಿ ಆತ್ಮೀಯತೆ ಇತ್ತೇ’ ಎಂಬ ಪ್ರಶ್ನೆಯನ್ನು ಬೇಕೆಂದೇ ಬಿಟ್ಟರು, ಅದಕ್ಕೆ ಇಬ್ಬರು ಒಂದೇ ಉತ್ತರ ಕೊಡುವುದಿಲ್ಲ. ಓಟಿಪಿ ಕೇಳಿದರೆ ಅಥವಾ ಒಂದು ಅಂಗಡಿಯ ಲೆಕ್ಕ ಇನ್ನೊಂದು ಅಂಗಡಿಗೆ ಹೋದರೆ ಮಾತ್ರ ಇಡೀ ಟಿಕೆಟ್‌ಗೆ ಸೊನ್ನೆ.

ಹೌದು–ಇಲ್ಲ ಎಂದ ಮಾತ್ರಕ್ಕೆ ಜಗಳ ತಪ್ಪುವುದಿಲ್ಲ. ಜುಲೈ ಎರಡನೆಯ ವಾರ ಲೀಡ್, ಮ್ಯಾನೇಜರ್ ಮತ್ತು ಪಕ್ಕದ ತಂಡದ ಲೀಡ್ ಒಂದೇ ಟಿಕೆಟ್ ಓದಿ ಬೇರೆ ಬೇರೆಯಾಗಿ ಅಂಕ ಹಾಕಿದರು: ಐದು, ನಾಲ್ಕು, ಮೂರು. ಗ್ರಾಹಕರು ಎರಡು ಪ್ರಶ್ನೆ ಕೇಳಿದ್ದರು. ಹುಡುಗಿ ಒಂದಕ್ಕೆ ಬರೆದು, ಇನ್ನೊಂದಕ್ಕೆ ವಿಡಿಯೊ ಲಿಂಕ್ ಕಳಿಸಿದ್ದಳು. ಲಿಂಕ್ ಉತ್ತರವೇ? ಯಾವ ನಿಮಿಷದಿಂದ ನೋಡಬೇಕು ಎಂದು ಹೇಳಿದ್ದರೆ ಹೌದು, ಬರೀ ಲಿಂಕ್ ಎಸೆದಿದ್ದರೆ ಇಲ್ಲ ಎಂದು ತೀರ್ಮಾನಿಸಿ, ಪ್ರಶ್ನೆಯ ಕೆಳಗೇ ಬರೆದಿಟ್ಟರು. ತಿಂಗಳಿಗೊಮ್ಮೆ ಐದು ಟಿಕೆಟ್ ಹೀಗೆ ಕೂತು ಹೊಂದಿಸಿಕೊಳ್ಳುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ.

ಇನ್ನು ಅಂಕಿಗೆ ಸಿಗದ ಕೆಲಸ. ಸಿಟ್ಟಾದ ಗ್ರಾಹಕರನ್ನು ನಿಭಾಯಿಸುವುದನ್ನೇ ತೆಗೆದುಕೊಳ್ಳಿ. ಫಾರ್ಮಿನಲ್ಲಿ ‘1 – ಕಳಪೆ, 3 – ಉತ್ತಮ, 5 – ಅತ್ಯುತ್ತಮ’ ಎಂದು ಅಚ್ಚು ಹಾಕಿರುತ್ತಾರೆ. ಇವು ಅಳತೆಯಲ್ಲ, ವಿಶೇಷಣ. ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಕೇನ್ ಸ್ಮಿತ್ ಮತ್ತು ಲಾರ್ನ್ ಕೆಂಡಾಲ್ 1963ರಲ್ಲಿ ನರ್ಸ್‌ಗಳ ಕೆಲಸವನ್ನು ಅಳೆಯಲು ಬೇರೆ ಉಪಾಯ ಹುಡುಕಿದರು. ಅಳೆಯಬೇಕಾದವರಿಂದಲೇ, ಅವರು ನೋಡಿ ಬಲ್ಲಂಥ ನಡವಳಿಕೆಯ ಉದಾಹರಣೆಗಳನ್ನು ಬರೆಸಿದರು. ಬೇರೆ ಗುಂಪಿಗೆ ಅವನ್ನು ಕೊಟ್ಟು, ಇದು ಯಾವ ಗುಣಕ್ಕೆ ಸೇರುತ್ತದೆ, ಎಷ್ಟು ಒಳ್ಳೆಯದು ಎಂದು ಕೇಳಿದರು. ಜನ ಒಪ್ಪದ ಉದಾಹರಣೆಗಳನ್ನು ಬಿಸಾಕಿದರು. ಉಳಿದವೇ ಅಳತೆಗೋಲಿನ ಗೆರೆಗಳಾದವು.

ಎಂಟು ಜನರ ತಂಡಕ್ಕೆ ಇದನ್ನು ಚೀಟಿಗಳಲ್ಲಿ ಮಾಡಬಹುದು. ಹಿಂದಿನ ಕ್ವಾರ್ಟರ್‌ನಲ್ಲಿ ನಿಜವಾಗಿ ನಡೆದ ಇಪ್ಪತ್ತು ಪ್ರಸಂಗಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು, ಇಬ್ಬರು ಲೀಡ್‌ಗಳು ಬೇರೆ ಬೇರೆ ಕೂತು ಒಂದರಿಂದ ಐದರವರೆಗೆ ಇಡಬೇಕು. ಇಬ್ಬರ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಬಂದ ಚೀಟಿಯನ್ನು ಕೈಬಿಡಬೇಕು. ನಮ್ಮ ತಂಡದಲ್ಲಿ ಉಳಿದದ್ದು ಹೀಗಿತ್ತು. ಒಂದು: ಅರ್ಧ ಕೇಳಿ ಫೋನನ್ನು ಲೀಡ್‌ಗೆ ದಾಟಿಸುವುದು, ಗ್ರಾಹಕರು ಕಥೆಯನ್ನು ಮೊದಲಿಂದ ಹೇಳಬೇಕಾಗುವುದು. ಮೂರು: ಕೊನೆಯವರೆಗೆ ಕೇಳಿ, ಬಿಲ್ ನಂಬರ್ ತೆಗೆದುಕೊಂಡು, ತನ್ನಿಂದಾದದ್ದನ್ನು ಮಾಡಿ, ದಾಟಿಸಲೇಬೇಕಾದರೆ ಪೂರ್ತಿ ಟಿಪ್ಪಣಿಯೊಂದಿಗೆ ದಾಟಿಸಿ, ಹೇಳಿದ ಹೊತ್ತಿಗೆ ವಾಪಸ್ ಫೋನ್ ಮಾಡುವುದು. ಐದು: ಇಷ್ಟೆಲ್ಲ ಮಾಡಿ, ಅದೇ ಸಿಟ್ಟು ಇನ್ನೂ ಮೂರು ಅಂಗಡಿಗಳಿಂದ ಬಂದಿದೆ ಎಂದು ಗಮನಿಸಿ, ಟಿಕೆಟ್ ನಂಬರ್ ಸಮೇತ ಸಾಫ್ಟ್‌ವೇರ್ ತಂಡದ ಮುಂದಿಡುವುದು.

ಇಲ್ಲಿ ಮೂರರ ವಿವರಣೆಯನ್ನು ಮತ್ತೊಮ್ಮೆ ಓದಿ. ಅದು ಪೂರ್ತಿ ಕೆಲಸ. ನಮ್ಮ ಕಷ್ಟವೇನೆಂದರೆ ಐದಕ್ಕೆ ಮೂರು ಎಂದ ತಕ್ಷಣ ನಮ್ಮ ತಲೆ ಅದನ್ನು ನೂರಕ್ಕೆ ಅರವತ್ತು ಎಂದು ಓದುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಅರವತ್ತು ತೆಗೆದವರ ಮನೆಯಲ್ಲಿ ಯಾರೂ ಸಿಹಿ ಹಂಚುವುದಿಲ್ಲ. ಮೂರನ್ನು ಹೀಗೆ ಬಿಡಿಸಿ ಬರೆದು ಜುಲೈನಲ್ಲೇ ಎಲ್ಲರ ಕೈಗೆ ಕೊಟ್ಟರೆ ಮುಖ ಸಪ್ಪಗಾಗುವುದು ಸ್ವಲ್ಪವಾದರೂ ಕಡಿಮೆಯಾದೀತು. ಜಗಳವೇ ಬೇಡ ಎಂದು ಮಧ್ಯದ ಮನೆ ತೆಗೆದು ನಾಲ್ಕೇ ಅಂಕದ ಮಾಪಕ ಇಡುವವರೂ ಇದ್ದಾರೆ. ನನಗದು ಹಿಡಿಸುವುದಿಲ್ಲ. ನಿಜಕ್ಕೂ ಮಧ್ಯದಲ್ಲಿರುವವರನ್ನು ಬಲವಂತವಾಗಿ ಮೇಲಕ್ಕೋ ಕೆಳಕ್ಕೋ ತಳ್ಳಿದಂತಾಗುತ್ತದೆ.

ಬಲವಂತದ ಮಾತು ಬಂದದ್ದರಿಂದ ಬೆಲ್ ಕರ್ವ್ ಬಗ್ಗೆ ಒಂದು ಮಾತು. ತಂಡದಲ್ಲಿ ನೂರಕ್ಕೆ ಹತ್ತು ಜನ ಕಡ್ಡಾಯವಾಗಿ ಕೆಳಗಿನ ದರ್ಜೆಯಲ್ಲಿರಲೇಬೇಕು ಎಂಬ ಪದ್ಧತಿ ಅದು. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ಪದ್ಧತಿಯನ್ನು ಕೈಬಿಟ್ಟಿತು. ಎಂಟು ಜನರ ತಂಡಕ್ಕೆ ಅದನ್ನು ಹಾಕಿದರೆ ದಶಾಂಶ ಎಂಟು ಮನುಷ್ಯ ಬರುತ್ತಾನೆ. ಯಾರ ಕಾಲು ಬಿಡುವುದು?

ಅಂಕಿಗೆ ಸಿಗುವ ಇನ್ನೊಂದು ಕೆಲಸ ಮೊದಲ ಉತ್ತರದ ಹೊತ್ತು. ಟಿಕೆಟ್ ತನ್ನ ಹೆಸರಿಗೆ ಬಂದ ನಾಲ್ಕು ಗಂಟೆಯೊಳಗೆ ಉತ್ತರಿಸಬೇಕು ಎಂಬುದು ಗುರಿ. ಆದರೆ ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಅಂಗಡಿಯವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ 11, ಜಿಎಸ್‌ಟಿಆರ್-3ಬಿಗೆ 20. ಆ ದಿನಗಳಲ್ಲಿ, ಅದರ ಹಿಂದಿನ ದಿನ, ಫೋನ್ ಕೆಳಗಿಡಲು ಆಗುವುದಿಲ್ಲ. 11ರಂದು ರಜೆ ಹಾಕಿದವರ ಅಂಕಿ ಚೆನ್ನಾಗಿ, ಬಂದು ದುಡಿದವರ ಅಂಕಿ ಕೆಟ್ಟದಾಗಿ ಕಾಣುತ್ತದೆ! ಆದ್ದರಿಂದ ಆ ನಾಲ್ಕು ದಿನ ಬಂದ ಟಿಕೆಟ್‌ಗೆ ಎಂಟು ಗಂಟೆ ಎಂದು ಜುಲೈನಲ್ಲೇ ಬರೆದರು. ಅಕ್ಟೋಬರ್‌ನಲ್ಲಿ ಅದೇ ವಿನಾಯಿತಿ ಕೊಟ್ಟಿದ್ದರೆ ಅದಕ್ಕೆ ಪಕ್ಷಪಾತ ಎನ್ನುತ್ತಿದ್ದರು.

ಫಾರ್ಮಿನಲ್ಲಿ ಕೊನೆಗೆ ಮೂರೇ ಸಾಲು ಉಳಿದವು. ಓದಿ ಹಾಕಿದ ಗುಣಮಟ್ಟದ ಅಂಕಕ್ಕೆ ನೂರರಲ್ಲಿ 60 ಪಾಲು, ಮೊದಲ ಉತ್ತರಕ್ಕೆ 20, ಸಿಟ್ಟಾದ ಗ್ರಾಹಕರ ಮಾಪಕಕ್ಕೆ 20. ಹೊಸದಾಗಿ ಸೇರಿದವರಿಗೆ ಮೊದಲ ಕ್ವಾರ್ಟರ್‌ನಲ್ಲಿ ಅಂಕ ಹಾಕುವುದಿಲ್ಲ, ಓದಿ ತಿಳಿಸುವುದು ಮಾತ್ರ.

ಅಕ್ಟೋಬರ್‌ನಲ್ಲಿ 390ರ ಹುಡುಗಿ ಆ ಗಾಜಿನ ರೂಮಿಗೆ ಹೋದಳು. ಗುಣಮಟ್ಟದಲ್ಲಿ 52 ಟಿಕೆಟ್‌ಗೆ 260 ಅಂಕ, ಆಕೆಗೆ ಬಂದದ್ದು 216, ಅಂದರೆ ನೂರಕ್ಕೆ 83. ಮಾಪಕದಲ್ಲಿ ಮೂರು. ಮೊದಲ ಉತ್ತರದಲ್ಲಿ ನಾಲ್ಕು, ಸಿಟ್ಟಿನ ಗ್ರಾಹಕರಲ್ಲಿ ನಾಲ್ಕು. ಪಾಲು ಹಾಕಿ ಕೂಡಿಸಿದರೆ 1.8, 0.8, 0.8, ಒಟ್ಟು 3.4. ಅರ್ಧಕ್ಕಿಂತ ಕಡಿಮೆ ಇರುವುದರಿಂದ ಮೂರು.

‘ಯಾವ ಟಿಕೆಟ್ ಮೇಡಂ?’ ಎಂದಳು. ಲೀಡ್ 52ರ ಪಟ್ಟಿಯನ್ನು ಸ್ಕ್ರೀನ್ ಮೇಲೆ ತೆರೆದಳು. ಮೂರು ಕಡೆ ಆಕೆ ತಕರಾರು ತೆಗೆದಳು. ಎರಡು ಕಡೆ ಲೀಡ್ ಒಪ್ಪಿ ‘ಇಲ್ಲ’ವನ್ನು ‘ಹೌದು’ ಮಾಡಿದಳು. ಗ್ರಾಹಕರು ಆಮೇಲೆ ಫೋನಿನಲ್ಲಿ ಕೇಳಿ ತಿಳಿದುಕೊಂಡದ್ದು ಟಿಪ್ಪಣಿಯ ಎರಡನೆಯ ಪುಟದಲ್ಲಿತ್ತು, ಲೀಡ್ ಅದನ್ನು ನೋಡಿರಲಿಲ್ಲ. 216 ಹೋಗಿ 218 ಆಯಿತು, ನೂರಕ್ಕೆ 84ರ ಹತ್ತಿರ. ರೇಟಿಂಗ್ ಮಾತ್ರ ಮೂರೇ.

ಉಳಿದ 42 ‘ಇಲ್ಲ’ಗಳನ್ನು ಇಬ್ಬರೂ ಪ್ರಶ್ನೆವಾರು ಎಣಿಸಿದರು. ‘ಮುಂದೆ ಏನು, ಯಾವಾಗ ಎಂದು ಹೇಳಿದರೇ’ ಎಂಬ ಒಂದೇ ಪ್ರಶ್ನೆಯಲ್ಲಿ 21 ಹೋಗಿದ್ದವು. ಕಷ್ಟದ ಲೆಕ್ಕಗಳನ್ನು ಆಕೆ ಬಿಡಿಸುತ್ತಿದ್ದಳು, ಆದರೆ ಬಿಡಿಸುವವರೆಗೆ ಅಂಗಡಿಯವರಿಗೆ ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಎರಡು ದಿನ ಸುಮ್ಮನಿದ್ದರೆ ಅವರು ಇನ್ನೊಮ್ಮೆ ಫೋನ್ ಮಾಡುತ್ತಿದ್ದರು. ಅಕ್ಟೋಬರ್–ಡಿಸೆಂಬರ್ ಗುರಿಯ ಮೊದಲ ಸಾಲಿನಲ್ಲಿ ಆಕೆಯೇ ಪೆನ್ನಿನಿಂದ ಬರೆದಳು: ‘ನಾಲ್ಕನೆಯ ಪ್ರಶ್ನೆ, ಈಗ 21, ಮುಂದೆ 10ರ ಒಳಗೆ.’ ಕಾಗದವನ್ನು ಲೀಡ್ ಕಡೆ ತಿರುಗಿಸಿ ಸಹಿ ಹಾಕಿಸಿಕೊಂಡು ಹೊರಗೆ ಬಂದಳು. ಬೆರಳಿನಲ್ಲಿ ಕೇಳಿದವರಿಗೆ ಮೂರು ಬೆರಳು ತೋರಿಸಿದಳು.